ಹಬ್ಬದ ಕೊಡುಗೆಯ ಕೆಳಗಿನ ಷರತ್ತುಗಳನ್ನು ಬರೆಯುವುದು ಹೇಗೆ: ಒಂದು ಸೀರೆ ಅಂಗಡಿಯ ಕರಪತ್ರವನ್ನು ಮುಂದಿಟ್ಟುಕೊಂಡು

ಕೆಲವು ವರ್ಷಗಳ ಹಿಂದೆ ದೀಪಾವಳಿಯ ಹಿಂದಿನ ದಿನ ಒಂದು ಸೀರೆ ಅಂಗಡಿಯ ಬಿಲ್ ಕೌಂಟರಿನ ಪಕ್ಕ ನಿಂತಿದ್ದೆ. ಅಂಗಡಿಯ ಕರಪತ್ರ ಬರೆದವನು ನಾನೇ. ಮೇಲೆ ದಪ್ಪ ಅಕ್ಷರದಲ್ಲಿ "5,000 ರೂ. ಖರೀದಿಗೆ 1,000 ರೂ. ಉಚಿತ*" ಎಂದಿತ್ತು. ತಳದಲ್ಲಿ "*ಷರತ್ತುಗಳು ಅನ್ವಯ" ಎಂದಿತ್ತು. ಮಗಳ ಜೊತೆ ಬಂದಿದ್ದ ಒಬ್ಬ ತಾಯಿ ಎರಡು ಸೀರೆ ಆರಿಸಿ, ಬಿಲ್ಲು 5,000 ದಾಟಿದ್ದನ್ನು ಖಚಿತ ಮಾಡಿಕೊಂಡು, ಸೆರಗಿನ ಗಂಟು ಬಿಚ್ಚಿ ನೋಟುಗಳನ್ನು ಎಣಿಸಿದರು. "ಬಿಲ್ಲಿನಲ್ಲಿ ಸಾವಿರ ಕಳೆದು ಕೊಡುತ್ತಿದ್ದೇನೆ ಅಣ್ಣ" ಎಂದು ಮುಂದಿಟ್ಟರು. ಕ್ಯಾಷಿಯರ್ ತಲೆ ಎತ್ತದೆ, "ಅದು ಕೂಪನ್ ಅಮ್ಮ, ಮುಂದಿನ ಸಲಕ್ಕೆ" ಎಂದರು. ಆ ತಾಯಿ ಜಗಳವಾಡಲಿಲ್ಲ. ಕರಪತ್ರವನ್ನು ಇನ್ನೊಮ್ಮೆ ತಿರುಗಿಸಿ ನೋಡಿ, ಎರಡು ಸೀರೆಗಳಲ್ಲಿ ಒಂದನ್ನು ಅಲ್ಲಿಯೇ ಬಿಟ್ಟು ಹೋದರು.

ಅಂದು ನನಗೆ ತಿಳಿದದ್ದು ಇಷ್ಟು: ಷರತ್ತಿನ ಸಾಲನ್ನು ನಾವು ಕಂಪ್ಯೂಟರಿನ ಮುಂದೆ ಕುಳಿತು ಬರೆಯುತ್ತೇವೆ, ಆದರೆ ಅದು ಕೆಲಸಕ್ಕೆ ಬರುವುದು ಬಿಲ್ ಕೌಂಟರಿನಲ್ಲಿ. ಅಲ್ಲಿ ಏಳಬಹುದಾದ ಪ್ರಶ್ನೆಗೆ ಮನೆಯಲ್ಲಿ ಕರಪತ್ರ ಓದುವಾಗಲೇ ಉತ್ತರ ಸಿಕ್ಕಿದರೆ ಅದು ಒಳ್ಳೆಯ ಸಾಲು. ಉಳಿದವು ಜಾಗ ತುಂಬುವ ಸಾಲುಗಳು. ಅದೇ ಕರಪತ್ರವನ್ನು ಇಲ್ಲಿ ಹಂತಹಂತವಾಗಿ ಸರಿಪಡಿಸಿ ತೋರಿಸುತ್ತೇನೆ. ಉದಾಹರಣೆ ಸೀರೆ ಅಂಗಡಿಯದಾದರೂ ಪಾತ್ರೆ ಅಂಗಡಿ, ಚಪ್ಪಲಿ ಅಂಗಡಿ, ಮೊಬೈಲ್ ಅಂಗಡಿಗೂ ದಾರಿ ಇದೇ.

ಮೊದಲು ಕೊಡುಗೆಯ ಲೆಕ್ಕ ಬಿಡಿಸಿ

ಒಂದು ಸಾಲನ್ನೂ ಬರೆಯುವ ಮೊದಲು ಮಾಲೀಕರನ್ನೂ ಕ್ಯಾಷಿಯರನ್ನೂ ಒಟ್ಟಿಗೆ ಕೂರಿಸಿಕೊಳ್ಳಬೇಕು. ಮಾಲೀಕರಿಗೆ ಕೊಡುಗೆ ಗೊತ್ತಿರುತ್ತದೆ, ಕ್ಯಾಷಿಯರಿಗೆ ಜಗಳ ಗೊತ್ತಿರುತ್ತದೆ. ಖಾಲಿ ಬಿಲ್ ಪುಸ್ತಕ ತೆಗೆದುಕೊಂಡು ಮೂರು ಬಿಲ್ಲುಗಳನ್ನು ನಿಜವಾಗಿಯೇ ಬರೆಯಿರಿ: ಗಡಿಗಿಂತ ಸ್ವಲ್ಪ ಕಡಿಮೆಯದು, ಸರಿಯಾಗಿ ಗಡಿಯ ಮೇಲಿರುವುದು, ಗಡಿಯ ಎರಡರಷ್ಟು ಇರುವುದು. ನಮ್ಮ ಅಂಗಡಿಯಲ್ಲಾದರೆ 4,900, 5,000 ಮತ್ತು 10,000 ರೂಪಾಯಿ.

ಹೀಗೆ ಕುಳಿತಾಗ ಹೊರಬಿದ್ದ ಸಂಗತಿಗಳು ಇವು. 5,000 ರೂಪಾಯಿ ಖರೀದಿಸಿದವರಿಗೆ 500 ರೂಪಾಯಿಯ ಎರಡು ಕೂಪನ್ ಕೊಡುತ್ತಾರೆ. ಒಂದು ಕೂಪನ್ ನಡೆಯಬೇಕಾದರೆ ಮುಂದಿನ ಬಿಲ್ಲು ಕನಿಷ್ಠ 3,000 ಇರಬೇಕು, ಮತ್ತು ಒಂದು ಬಿಲ್ಲಿಗೆ ಒಂದೇ ಕೂಪನ್. ಅಂದರೆ ಆ "ಉಚಿತ" ಸಾವಿರ ಪೂರ್ತಿ ಕೈಗೆ ಸಿಗಲು ಗ್ರಾಹಕರು ಈಗ 5,000, ಆಮೇಲೆ ಎರಡು ಸಲ 3,000, ಒಟ್ಟು 11,000 ರೂಪಾಯಿಯ ಬಟ್ಟೆ ಕೊಳ್ಳಬೇಕು. 11,000ಕ್ಕೆ ಸಾವಿರ ಎಂದರೆ ಶೇ. 9ರಷ್ಟು ಕಡಿತ. ಕರಪತ್ರ ಓದಿದವರ ಮನಸ್ಸಿನಲ್ಲಿ ಮೂಡಿದ್ದು ಐದಕ್ಕೆ ಒಂದು, ಅಂದರೆ ಶೇ. 20. ಆ ತಾಯಿ ಸೀರೆ ಬಿಟ್ಟು ಹೋದದ್ದು ಈ ಎರಡು ಅಂಕಿಗಳ ನಡುವಿನ ಅಂತರದಿಂದ. ಅದನ್ನು ಯಾವ ಸಣ್ಣ ಅಕ್ಷರದ ಸಾಲೂ ತುಂಬಲಾರದು.

10,000ದ ಬಿಲ್ಲು ಬರೆಯುವಾಗ ಮಾಲೀಕರು "ನಾಲ್ಕು ಕೂಪನ್" ಎಂದರು, ಕ್ಯಾಷಿಯರ್ "ಕಳೆದ ವರ್ಷ ಎರಡೇ ಕೊಟ್ಟಿದ್ದೆವಲ್ಲ ಸರ್" ಎಂದರು. ಅಂಗಡಿಯ ಒಳಗೇ ಒಮ್ಮತವಿಲ್ಲದ ವಿಷಯವನ್ನು ಯಾರೂ ಸ್ಪಷ್ಟವಾಗಿ ಬರೆಯಲಾರರು. ಮೊದಲು ತೀರ್ಮಾನ, ಆಮೇಲೆ ವಾಕ್ಯ.

ಕೆಳಗಿನ ಸಾಲು ಮೇಲಿನ ಮಾತನ್ನು ಅಲ್ಲಗಳೆದರೆ, ಬದಲಿಸಬೇಕಾದದ್ದು ಮೇಲಿನ ಮಾತನ್ನು

ಇದು ಈ ಕೆಲಸದ ಅತಿ ಮುಖ್ಯವಾದ ಹಂತ. ಪ್ರತಿ ಷರತ್ತನ್ನೂ ಎತ್ತಿಕೊಂಡು, "ಇದನ್ನು ಗ್ರಾಹಕರು ಮೊದಲೇ ತಿಳಿದಿದ್ದರೆ ಅಂಗಡಿಗೆ ಬರುತ್ತಿದ್ದರೋ ಇಲ್ಲವೋ?" ಎಂದು ಕೇಳಿಕೊಳ್ಳಿ. ಉತ್ತರ ಬದಲಾಗುವುದಾದರೆ ಅದು ಷರತ್ತಲ್ಲ, ಕೊಡುಗೆಯ ಭಾಗವೇ. ಅದರ ಜಾಗ ಶೀರ್ಷಿಕೆಯಲ್ಲಿ.

ಕಾನೂನು ಹೇಳುವುದೂ ಇದನ್ನೇ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ದಾರಿತಪ್ಪಿಸುವ ಜಾಹೀರಾತು ತಡೆಗೆ ಮಾರ್ಗಸೂಚಿ ಹೊರಡಿಸಿದೆ. ಅದರ ಪ್ರಕಾರ ಕೆಳಗಿನ ಸೂಚನೆ ಮೇಲಿನ ಮಾತನ್ನು ವಿವರಿಸಬಹುದು, ಸ್ಪಷ್ಟಪಡಿಸಬಹುದು. ಆದರೆ ಮುಖ್ಯ ಸಂಗತಿಯನ್ನು ಮುಚ್ಚಿಡುವಂತಿಲ್ಲ, ದಾರಿ ತಪ್ಪಿಸುವ ಮಾತನ್ನು ಮೇಲೆ ಬರೆದು ಕೆಳಗೆ ತಿದ್ದುವಂತೆಯೂ ಇಲ್ಲ. "ಉಚಿತ" ಎಂಬ ಪದದ ಬಗ್ಗೆಯೂ ಅದರಲ್ಲಿ ಪ್ರತ್ಯೇಕ ನಿಯಮವಿದೆ: ಅದನ್ನು ಪಡೆಯಲು ಗ್ರಾಹಕರು ಏನೇನು ಮಾಡಬೇಕು, ಎಷ್ಟು ಖರ್ಚು ಮಾಡಬೇಕು ಎಂಬುದು ಸ್ಪಷ್ಟವಾಗಿರಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು, ಮತ್ತೆ ಅದೇ ತಪ್ಪು ಮಾಡಿದರೆ 50 ಲಕ್ಷದವರೆಗೆ.

ಹಾಗಾಗಿ "ಉಚಿತ" ಎಂಬ ಪದವನ್ನು ತೆಗೆದೆವು. "ಮುಂದಿನ ಖರೀದಿಗೆ" ಎಂಬುದನ್ನು ನಕ್ಷತ್ರದ ಕೆಳಗಿನಿಂದ ಎತ್ತಿ ಮೇಲಕ್ಕೆ ತಂದೆವು:

> 5,000 ರೂಪಾಯಿಯ ಬಟ್ಟೆ ಕೊಂಡರೆ, ಮುಂದಿನ ಖರೀದಿಗೆ 500 ರೂಪಾಯಿಯ 2 ಕೂಪನ್

"ಇದರಲ್ಲಿ ಸೆಳೆತವೇ ಇಲ್ಲವಲ್ಲ" ಎಂದು ಮಾಲೀಕರು ಮುಖ ಸಣ್ಣ ಮಾಡಿದರು. ಸೆಳೆತ ಬೇಕಿದ್ದರೆ ಕೊಡುಗೆಯನ್ನು ದೊಡ್ಡದು ಮಾಡಬೇಕು, ಅಕ್ಷರವನ್ನಲ್ಲ ಎಂದು ನಾನು ನೇರವಾಗಿಯೇ ಹೇಳಿದೆ. ಅವರು ಯೋಚಿಸಿ, 10,000ದ ಬಿಲ್ಲಿಗೆ ನಾಲ್ಕು ಕೂಪನ್ ಎಂದು ಖಾತ್ರಿ ಮಾಡಿದರು.

ಕೆಲವು ಷರತ್ತುಗಳನ್ನು ಕೊಡುಗೆಯಲ್ಲಿಯೇ ಕರಗಿಸಿಬಿಡಿ

ಸಾಲು ಬರೆಯುವುದಕ್ಕಿಂತ ಸಾಲು ಬೇಡವಾಗುವಂತೆ ಮಾಡುವುದು ಲೇಸು. ನಮ್ಮ ಅಂಗಡಿಯಲ್ಲಿ ಏಳು ದಿನದೊಳಗೆ ಸೀರೆ ಬದಲಿಸಿಕೊಳ್ಳಬಹುದು ಅಥವಾ ಹಿಂದಿರುಗಿಸಬಹುದು. ಒಬ್ಬರು 3,600 ಮತ್ತು 1,800ರ ಎರಡು ಸೀರೆ ಕೊಂಡು, 5,400ರ ಬಿಲ್ಲಿಗೆ ಎರಡು ಕೂಪನ್ ಪಡೆದು, ಒಂದನ್ನು ಬಳಸಿಯೂ ಆಗಿ, ಆಮೇಲೆ 1,800ರ ಸೀರೆ ವಾಪಸ್ ತಂದರೆ ಏನು ಮಾಡುವುದು? ಬಿಲ್ಲು 3,600ಕ್ಕೆ ಇಳಿಯಿತು. ಬಳಸಿದ ಕೂಪನ್ನಿನ 500 ಹಿಡಿದುಕೊಳ್ಳುವುದೇ? ಇದನ್ನು ವಿವರಿಸಲು ಮೊದಲು ನಾನು ಬರೆದ ವಾಕ್ಯ ನಾಲ್ಕು ಸಾಲು ಉದ್ದವಾಗಿತ್ತು, ನನಗೇ ಎರಡು ಸಲ ಓದಬೇಕಾಯಿತು.

ಕೊಡುಗೆ ನವೆಂಬರ್ 10ಕ್ಕೆ ಮುಗಿಯುತ್ತಿತ್ತು, ಕೂಪನ್ ನವೆಂಬರ್ 15ರಿಂದ ಚಾಲ್ತಿಗೆ ಬರುತ್ತಿತ್ತು. 10ರಂದು ಕೊಂಡವರ ಏಳು ದಿನದ ಗಡುವು 17ಕ್ಕೆ ಮುಗಿಯುತ್ತದೆ. ಕೂಪನ್ನನ್ನು 15ರ ಬದಲು 18ರಿಂದ ಆರಂಭಿಸಿದರೆ, ಬಳಸಿದ ಮೇಲೆ ಬಿಲ್ಲು ಇಳಿಯುವ ಪ್ರಶ್ನೆಯೇ ಏಳುವುದಿಲ್ಲ. ಮೂರು ದಿನ ಮುಂದೂಡಿದ್ದಕ್ಕೆ ನಾಲ್ಕು ಸಾಲು ಒಂದಾಯಿತು: "ಹಿಂದಿರುಗಿಸಿದ ಮೇಲೆ ಬಿಲ್ಲು 5,000ಕ್ಕಿಂತ ಕಡಿಮೆಯಾದರೆ ಕೂಪನ್ ವಾಪಸ್ ಕೊಡಬೇಕು."

ಬರೆಯಲು ಕಷ್ಟವಾಗುವ ಷರತ್ತು ಕಂಡಾಗಲೆಲ್ಲ ಭಾಷೆಯ ಜೊತೆ ಗುದ್ದಾಡಬೇಡಿ. ಕೊಡುಗೆಯಲ್ಲಿಯೇ ಎಲ್ಲೋ ಒಂದು ತೊಡಕಿರುತ್ತದೆ, ಮೊದಲು ಅದನ್ನು ಹುಡುಕಿ.

ಈಗ ಬರೆಯಿರಿ

ಕನ್ನಡದ ಷರತ್ತುಗಳು ಓದಿಸಿಕೊಳ್ಳದೆ ಇರುವುದಕ್ಕೆ ಅಕ್ಷರದ ಗಾತ್ರ ಅರ್ಧ ಕಾರಣವಾದರೆ, "ಸದರಿ ಕೊಡುಗೆಯು ಇತರೆ ಯಾವುದೇ ಕೊಡುಗೆಯೊಂದಿಗೆ ಸಂಯೋಜಿಸಲ್ಪಡತಕ್ಕದ್ದಲ್ಲ" ಎಂಬಂತಹ ಭಾಷೆ ಇನ್ನರ್ಧ ಕಾರಣ. ಯಾರೂ ಹೀಗೆ ಮಾತನಾಡುವುದಿಲ್ಲ. ಸೇಲ್ಸ್‌ಮನ್ ಇದನ್ನೇ ಕೌಂಟರಿನಲ್ಲಿ ಹೇಗೆ ಹೇಳುತ್ತಾನೆ ಎಂದು ಕೇಳಿ: "ಬೇರೆ ರಿಯಾಯಿತಿ ಇರುವ ಸೀರೆಗೆ ಈ ಕೂಪನ್ ನಡೆಯುವುದಿಲ್ಲ." ಅಷ್ಟೇ ಸಾಕು. ನಮ್ಮ ಭಾಷೆಯಲ್ಲಿ "ತಂದರೆ", "ಕೊಂಡರೆ", "ಕಡಿಮೆಯಾದರೆ" ಎಂಬ ರೂಪಗಳೇ ಷರತ್ತು. ಅವು ಇರುವಾಗ "ಒಂದು ವೇಳೆ", "ಪಕ್ಷದಲ್ಲಿ", "ಸಂದರ್ಭದಲ್ಲಿ" ಎಂದು ಎಳೆಯುವ ಅಗತ್ಯವಿಲ್ಲ.

ಮೂರು ಕಡೆ ವಿಶೇಷ ಎಚ್ಚರ ಬೇಕು.

ಮೊದಲನೆಯದು ದಿನಾಂಕ. "ದೀಪಾವಳಿವರೆಗೆ" ಎಂದು ಬರೆಯಬೇಡಿ. ಒಬ್ಬರಿಗೆ ದೀಪಾವಳಿ ನರಕ ಚತುರ್ದಶಿ, ಇನ್ನೊಬ್ಬರಿಗೆ ಅಮಾವಾಸ್ಯೆಯ ಲಕ್ಷ್ಮೀಪೂಜೆ, ಮತ್ತೊಬ್ಬರಿಗೆ ಬಲಿಪಾಡ್ಯಮಿ. ತಾರೀಖು, ವಾರ, ಮುಗಿಯುವ ಹೊತ್ತು ಮೂರನ್ನೂ ಬರೆಯಿರಿ. ವಾರ ಯಾಕೆಂದರೆ, ಪೇಟೆಗೆ ಬರುವವರು ಸಂತೆಯ ದಿನ, ರಜೆಯ ದಿನ ನೋಡಿಕೊಂಡು ಬರುತ್ತಾರೆ. ಅಲ್ಲದೆ ವಾರ ಬರೆಯುವಾಗ ನಿಮ್ಮ ತಾರೀಖಿನ ತಪ್ಪೂ ಸಿಕ್ಕಿಬೀಳುತ್ತದೆ.

ಎರಡನೆಯದು ಗಡಿಯ ಪದಗಳು. "5,000 ಮೇಲ್ಪಟ್ಟು" ಎಂದರೆ ಸರಿಯಾಗಿ 5,000 ಸೇರಿತೋ ಇಲ್ಲವೋ? "5,000 ಅಥವಾ ಹೆಚ್ಚು" ಎಂದರೆ ಅನುಮಾನವಿಲ್ಲ. ಇದಕ್ಕಿಂತಲೂ ನೋವು ಕೊಟ್ಟ ಪದ "ವರೆಗೆ". "ಶೇ. 50ರವರೆಗೆ ರಿಯಾಯಿತಿ" ಎಂದು ಬರೆದು, 50ನ್ನು ಅಂಗೈ ಅಗಲ ಮಾಡಿ, "ರವರೆಗೆ"ಯನ್ನು ಸಾಸಿವೆಯಷ್ಟು ಮಾಡುವ ರೂಢಿ ಪೇಟೆಯ ತುಂಬ ಇದೆ. ಅಂಗಡಿಯ ಹೆಚ್ಚಿನ ಮಾಲಿಗೆ ಶೇ. 10 ಇದ್ದು, ಮೂಲೆಯ ಒಂದು ಕಪಾಟಿಗೆ ಮಾತ್ರ 50 ಇದ್ದರೆ ಹಾಗೆಯೇ ಹೇಳಿ: "ಎಲ್ಲ ಸೀರೆಗಳಿಗೆ ಶೇ. 10, ಕೆಂಪು ಚೀಟಿ ಇರುವವಕ್ಕೆ ಶೇ. 50."

ಮೂರನೆಯದು ಹೊರಗಿಟ್ಟ ಮಾಲು. "ಆಯ್ದ ಸೀರೆಗಳಿಗೆ ಮಾತ್ರ" ಎಂಬ ಸಾಲು ಏನನ್ನೂ ತಿಳಿಸುವುದಿಲ್ಲ. ಆಯ್ದವರು ಯಾರು, ಆಯ್ದದ್ದು ಯಾವುದು? ಕಣ್ಣಿಗೆ ಕಾಣುವ ಗುರುತು ಕೊಡಿ. ನಾವು ಹೊರಗಿಟ್ಟ ಪ್ರತಿ ಸೀರೆಯ ದರದ ಚೀಟಿಯ ಪಕ್ಕ ಒಂದು ಹಳದಿ ಚೀಟಿ ಹಚ್ಚಿದೆವು. ಇಬ್ಬರು ಹುಡುಗರಿಗೆ ಒಂದು ಮಧ್ಯಾಹ್ನದ ಕೆಲಸ. ಆದರೆ ಸೀರೆ ಬಿಡಿಸಿ ಸೆರಗು ನೋಡುವಾಗಲೇ ಗ್ರಾಹಕರಿಗೆ ವಿಷಯ ತಿಳಿಯುತ್ತದೆ, ಬಿಲ್ಲಿನ ಹೊತ್ತಿಗೆ ಆಶ್ಚರ್ಯವಿರುವುದಿಲ್ಲ.

ಇಷ್ಟನ್ನೂ ಸೇರಿಸಿ ಶೀರ್ಷಿಕೆಯ ಕೆಳಗೆ ಬಂದ ಪೂರ್ತಿ ಪಠ್ಯ ಇದು:

> ಕೊಡುಗೆ ನವೆಂಬರ್ 1, ಭಾನುವಾರದಿಂದ ನವೆಂಬರ್ 10, ಮಂಗಳವಾರ ರಾತ್ರಿ 9ರವರೆಗೆ.
>
> ಈ ಬಿಲ್ಲಿನಲ್ಲಿ ಹಣ ಕಡಿಮೆಯಾಗುವುದಿಲ್ಲ. ಕೂಪನ್ ಮುಂದಿನ ಖರೀದಿಗೆ.
>
> ಒಂದೇ ಬಿಲ್ಲಿನಲ್ಲಿ ನೀವು ಕಟ್ಟುವ ಒಟ್ಟು ಹಣ 5,000 ರೂಪಾಯಿ ಅಥವಾ ಹೆಚ್ಚಿದ್ದರೆ 2 ಕೂಪನ್, 10,000 ಅಥವಾ ಹೆಚ್ಚಿದ್ದರೆ 4 ಕೂಪನ್. ಒಂದು ಬಿಲ್ಲಿಗೆ 4ಕ್ಕಿಂತ ಹೆಚ್ಚು ಕೂಪನ್ ಇಲ್ಲ.
>
> ಕೂಪನ್ ನವೆಂಬರ್ 18ರಿಂದ ಡಿಸೆಂಬರ್ 31ರವರೆಗೆ ನಡೆಯುತ್ತದೆ. 3,000 ರೂಪಾಯಿ ಅಥವಾ ಹೆಚ್ಚಿನ ಬಿಲ್ಲಿಗೆ ಒಂದು ಕೂಪನ್. ನಿಮ್ಮ ಮನೆಯವರು, ನೆಂಟರು ಯಾರು ತಂದರೂ ಸರಿ.
>
> ಹಳದಿ ಚೀಟಿ ಇರುವ ಸೀರೆಗಳು ಈ ಕೊಡುಗೆಯಲ್ಲಿ ಇಲ್ಲ.
>
> ಉಡದ ಸೀರೆಯನ್ನು ಬಿಲ್ಲಿನ ಸಮೇತ 7 ದಿನದೊಳಗೆ ತಂದರೆ ಬದಲಿಸಿಕೊಡುತ್ತೇವೆ ಅಥವಾ ಹಿಂದಕ್ಕೆ ಪಡೆಯುತ್ತೇವೆ. ಹಿಂದಿರುಗಿಸಿದ ಮೇಲೆ ಬಿಲ್ಲು 5,000ಕ್ಕಿಂತ ಕಡಿಮೆಯಾದರೆ ಕೂಪನ್ ವಾಪಸ್ ಕೊಡಬೇಕು.
>
> ಏನಾದರೂ ಕೇಳುವುದಿದ್ದರೆ ಅಂಗಡಿಯ ಈ ನಂಬರಿಗೆ ಫೋನ್ ಮಾಡಿ.

"ನೀವು ಕಟ್ಟುವ ಒಟ್ಟು ಹಣ" ಎಂಬ ಮಾತಿನ ಬಗ್ಗೆ ಒಂದು ವಿವರಣೆ. ತೆರಿಗೆಗೆ ಮೊದಲಿನ ಮೊತ್ತವೋ ನಂತರದ್ದೋ ಎಂಬ ಗೊಂದಲ 4,900ರ ಸುತ್ತಮುತ್ತಲಿನ ಬಿಲ್ಲುಗಳಲ್ಲಿ ಖಂಡಿತ ಏಳುತ್ತದೆ. ಬಿಲ್ಲಿನ ಕಟ್ಟಕಡೆಯ ಅಂಕಿಯನ್ನೇ ಲೆಕ್ಕಕ್ಕೆ ಹಿಡಿದರೆ ಯಾರಿಗೂ ಕೂಡಿ ಕಳೆಯುವ ಕಷ್ಟವಿಲ್ಲ. ಇನ್ನು ಎಂಆರ್‌ಪಿ ಮುದ್ರಿಸಿದ ಮಾಲಾದರೆ, ಆ ದರದಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ಅದರ ಮೇಲೆ ರಿಯಾಯಿತಿ ಘೋಷಿಸಿ, ಇಳಿಸಿದ ದರಕ್ಕೆ ಮತ್ತೆ ತೆರಿಗೆ ಸೇರಿಸುವುದನ್ನು ಗ್ರಾಹಕ ಆಯೋಗಗಳು ತಪ್ಪೆಂದು ಹೇಳಿವೆ. "ಜಿಎಸ್‌ಟಿ ಪ್ರತ್ಯೇಕ" ಎಂದು ತಳದಲ್ಲಿ ಬರೆದುಬಿಟ್ಟರೆ ಆಯಿತು ಎಂದು ತಿಳಿಯಬೇಡಿ.

ತೆಗೆದುಹಾಕಬೇಕಾದ ಸಾಲುಗಳು

"ಆಡಳಿತ ಮಂಡಳಿಯ ತೀರ್ಮಾನವೇ ಅಂತಿಮ." ಮಾಲೀಕರು ಮತ್ತು ಅವರ ತಮ್ಮ ಇಬ್ಬರೇ ಇರುವ ಅಂಗಡಿಯ ಕರಪತ್ರದಲ್ಲಿಯೂ ಈ ಸಾಲು ಕಾಣುತ್ತದೆ. ಓದಿದವರಿಗೆ ಇದರಿಂದ ತಿಳಿಯುವುದು ಒಂದೇ: ಮೇಲೆ ಬರೆದ ಯಾವುದನ್ನೂ ನಂಬಬೇಕಾಗಿಲ್ಲ ಎಂದು. "ಮುನ್ಸೂಚನೆಯಿಲ್ಲದೆ ಕೊಡುಗೆ ಹಿಂಪಡೆಯುವ ಹಕ್ಕಿದೆ" ಎಂಬುದೂ ಹಾಗೆಯೇ. ಹತ್ತು ದಿನದ ಕೊಡುಗೆಯನ್ನು ಹತ್ತು ದಿನ ನಡೆಸುವ ಧೈರ್ಯವಿಲ್ಲದಿದ್ದರೆ ಐದು ದಿನಕ್ಕೆ ಇಳಿಸಿ.

"ಮಾರಿದ ಮಾಲನ್ನು ಹಿಂದಕ್ಕೆ ಪಡೆಯುವುದಿಲ್ಲ" ಎಂಬ ಸಾಲು ಬಿಲ್ಲುಗಳ ಕೆಳಗೆ ತಲೆತಲಾಂತರದಿಂದ ಇದೆ. ಜರಿ ಕಿತ್ತ, ನೇಯ್ಗೆಯಲ್ಲಿ ಎಳೆ ತಪ್ಪಿದ ಸೀರೆಯ ಮಟ್ಟಿಗೆ ಇದಕ್ಕೆ ಬೆಲೆಯಿಲ್ಲ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದನ್ನು 2019ರ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲಿ ಸೇರಿಸಿದೆ.

"ಸ್ಟಾಕ್ ಇರುವವರೆಗೆ" ಎಂಬುದನ್ನು ಮಾತ್ರ ತೆಗೆಯದೆ ತಿದ್ದಿ. ಸ್ಟಾಕ್ ನಿಜವಾಗಿ ಮಿತವಾಗಿದ್ದರೆ ಹೇಳಲೇಬೇಕು, ಆದರೆ ಎಷ್ಟು ಎಂದೂ ಹೇಳಿ: "999 ರೂಪಾಯಿಯ ಇಳಕಲ್ ಸೀರೆ 60 ಮಾತ್ರ ಇವೆ." ಮಾರಲು ಮಾಲೇ ಸಾಕಷ್ಟಿಲ್ಲದೆ ಅಗ್ಗದ ದರ ತೋರಿಸಿ ಜನರನ್ನು ಕರೆಸಿಕೊಳ್ಳುವುದನ್ನು 2022ರ ಮಾರ್ಗಸೂಚಿ ಆಮಿಷದ ಜಾಹೀರಾತು ಎಂದು ಗುರುತಿಸಿ, ಅದಕ್ಕೆ ನಿಯಮ ಹಾಕಿದೆ.

ಅದೃಷ್ಟದ ಚೀಟಿ ಎತ್ತಿ ಕಾರು, ಸ್ಕೂಟರ್ ಕೊಡುವ ಕೊಡುಗೆಗಳಿಗೆ ಈ ಲೇಖನದ ದಾರಿ ಸಾಲದು. ಅವುಗಳಿಗೆ ಬೇರೆಯೇ ಕಾನೂನುಗಳಿವೆ. ಮುದ್ರಣಕ್ಕೆ ಮೊದಲು ವಕೀಲರನ್ನು ಕಾಣಬೇಕು.

ಅಚ್ಚಿನಲ್ಲಿ ಕೆಡದಂತೆ ನೋಡಿಕೊಳ್ಳುವುದು

ಮಾರ್ಗಸೂಚಿ ಇಲ್ಲಿ ತುಂಬ ನೇರವಾಗಿದೆ. ಕೊಡುಗೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು. ಅಕ್ಷರ ಶೈಲಿಯೂ ಅದೇ ಇರಬೇಕು. ಸಾಮಾನ್ಯ ದೃಷ್ಟಿಯವರು ಸಹಜ ದೂರದಿಂದ ಸಹಜ ವೇಗದಲ್ಲಿ ಓದುವಂತಿರಬೇಕು. ಕೊಡುಗೆಯನ್ನು ಅಂದವಾದ ಕನ್ನಡದಲ್ಲಿ ಬರೆದು ಷರತ್ತನ್ನು ಇಂಗ್ಲಿಷಿನಲ್ಲಿ ಅಂಟಿಸುವ ಕರಪತ್ರಗಳು ಇಂದಿಗೂ ನಮ್ಮ ಊರುಗಳಲ್ಲಿ ಹಂಚಿಕೆಯಾಗುತ್ತಿವೆ. ಕನ್ನಡ ಮಾತ್ರ ಓದಬಲ್ಲವರನ್ನು ಬಾಗಿಲವರೆಗೆ ಕರೆದು ಒಳಗಿನ ದೀಪ ಆರಿಸಿದ ಹಾಗೆ ಇದು. ನನಗೆ ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ಸಂಕಟ ಕೊಡುವುದು ಇದೇ.

ಕನ್ನಡ ಅಕ್ಷರಕ್ಕೆ ತನ್ನದೇ ಅಗತ್ಯವಿದೆ. ಒತ್ತಕ್ಷರ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಬೇಕು. ಇಲ್ಲದಿದ್ದರೆ ಮೇಲಿನ ಸಾಲಿನ "ಷ್ಟ"ದ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಕೆಂಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರವನ್ನು ಅಗ್ಗದ ಕಾಗದದಲ್ಲಿ ಅಚ್ಚು ಹಾಕಿದರೆ ಶಾಯಿ ಹರಡಿ ಸಣ್ಣ ಅಕ್ಷರದ ಹೊಟ್ಟೆ ಮುಚ್ಚಿಕೊಳ್ಳುತ್ತದೆ. ಷರತ್ತಿನ ಭಾಗಕ್ಕಾದರೂ ಬಿಳಿಯ ಮೇಲೆ ಕಪ್ಪು ಇರಲಿ. ಡಿಟಿಪಿಯವರು ಪರದೆಯ ಮೇಲೆ ತೋರಿಸಿದ್ದಕ್ಕೆ ಒಪ್ಪಿಗೆ ಕೊಡಬೇಡಿ, ಅದೇ ಕಾಗದದಲ್ಲಿ ಒಂದು ಪ್ರತಿ ತೆಗೆಸಿ ಕೈ ಚಾಚಿ ಹಿಡಿದು ಓದಿ.

ಈಗ ಅರ್ಧಕ್ಕರ್ಧ ಜನ ಕೊಡುಗೆಯನ್ನು ನೋಡುವುದು ವಾಟ್ಸ್‌ಆ್ಯಪ್‌ನಲ್ಲಿ. ಒಬ್ಬರಿಂದ ಒಬ್ಬರಿಗೆ ಹೋಗುತ್ತಾ ಚಿತ್ರದ ಗುಣಮಟ್ಟ ಇಳಿಯುತ್ತದೆ, ಮೊದಲು ಹಾಳಾಗುವುದು ಸಣ್ಣ ಅಕ್ಷರ. ಕರಪತ್ರದ ಚಿತ್ರವನ್ನೇ ಹಾಕದೆ, ಫೋನಿಗೆಂದೇ ಬೇರೆ ಚಿತ್ರ ಮಾಡಿಸಿ. ಶೀರ್ಷಿಕೆ, ತಾರೀಖು, "ಈ ಬಿಲ್ಲಿನಲ್ಲಿ ಹಣ ಕಡಿಮೆಯಾಗುವುದಿಲ್ಲ" ಮತ್ತು ಹಳದಿ ಚೀಟಿಯ ಸಾಲು, ಈ ನಾಲ್ಕು ಅದೇ ಚಿತ್ರದಲ್ಲಿರಲಿ. ಉಳಿದದ್ದನ್ನು ಚಿತ್ರದ ಕೆಳಗೆ ಅಕ್ಷರದಲ್ಲಿ ಬರೆಯಿರಿ.

ಅಚ್ಚಿಗೆ ಕೊಡುವ ಮೊದಲು ಒಂದು ಪರೀಕ್ಷೆ

"ಅರ್ಥವಾಯಿತೇ?" ಎಂದು ಯಾರನ್ನೂ ಕೇಳಬೇಡಿ, ಎಲ್ಲರೂ ಹೌದೆನ್ನುತ್ತಾರೆ. ಕೊಡುಗೆಯ ಗಂಧವೇ ಇಲ್ಲದ ಮೂವರನ್ನು ಹಿಡಿಯಿರಿ. ಪಕ್ಕದ ಹೋಟೆಲಿನವರು, ಮನೆಗೆ ಬರುವ ಅತ್ತೆ, ಕಾಲೇಜಿನ ಹುಡುಗಿ ಯಾರಾದರೂ ಆಗಬಹುದು. ಕರಪತ್ರ ಕೈಗೆ ಕೊಟ್ಟು, ಒಂದು ನಿಮಿಷದ ನಂತರ ಲೆಕ್ಕ ಕೇಳಿ: "ನೀವು 5,400ರ ಸೀರೆ ಕೊಂಡಿರಿ. ಇವತ್ತು ಎಷ್ಟು ಕಟ್ಟುತ್ತೀರಿ? ಕೂಪನ್ ಯಾವಾಗ ಬಳಸುತ್ತೀರಿ? 6,000ದ ಬಿಲ್ಲಿಗೆ ಎಷ್ಟು ಕೂಪನ್ ನಡೆಯುತ್ತದೆ?" ಉತ್ತರ: 5,400, ನವೆಂಬರ್ 18ರಿಂದ ಡಿಸೆಂಬರ್ 31ರವರೆಗೆ, ಒಂದು.

ನಮ್ಮ ಪರೀಕ್ಷೆಯಲ್ಲಿ ಮೊದಲ ಎರಡಕ್ಕೆ ಮೂವರೂ ಸರಿಯಾಗಿ ಹೇಳಿದರು. ಮೂರನೆಯದಕ್ಕೆ ಇಬ್ಬರು "ಎರಡು" ಎಂದರು. 3,000ಕ್ಕೆ ಒಂದಾದರೆ 6,000ಕ್ಕೆ ಎರಡಲ್ಲವೇ ಎಂಬುದು ಅವರ ಲೆಕ್ಕ, ಅದು ನ್ಯಾಯವಾದ ಲೆಕ್ಕ. ಇಂತಹ ತಪ್ಪು ಓದುಗರದಲ್ಲ. ಮಾಲೀಕರಿಗೆ ತೋರಿಸಿದಾಗ ಅವರು ನಿಯಮವನ್ನೇ ಬದಲಿಸಿದರು, ಸಾಲು ಹೀಗಾಯಿತು: "ಪ್ರತಿ 3,000 ರೂಪಾಯಿಗೆ ಒಂದು ಕೂಪನ್ ನಡೆಯುತ್ತದೆ. 6,000ದ ಬಿಲ್ಲಿಗೆ ಎರಡು ತರಬಹುದು."

ಕೊಡುಗೆ ನಡೆಯುವಾಗ

ಕರಪತ್ರದ ಪಠ್ಯವನ್ನೇ ಒಂದಕ್ಷರ ಬದಲಿಸದೆ ದೊಡ್ಡದಾಗಿ ಅಚ್ಚು ಹಾಕಿಸಿ, ಬಾಗಿಲಲ್ಲಿ ಒಂದು, ಬಿಲ್ ಕೌಂಟರಿನ ಮೇಲೆ ಒಂದು ತೂಗುಹಾಕಿ. ಕೂಪನ್ನಿನ ಹಿಂಬದಿಯಲ್ಲಿ ಚಾಲ್ತಿಯ ತಾರೀಖುಗಳು ಮತ್ತು 3,000ದ ಸಾಲು ಮತ್ತೆ ಇರಲಿ, ಯಾಕೆಂದರೆ ಡಿಸೆಂಬರ್ ಹೊತ್ತಿಗೆ ಕರಪತ್ರ ಯಾರ ಬಳಿಯೂ ಉಳಿದಿರುವುದಿಲ್ಲ.

ಕ್ಯಾಷಿಯರ್ ಬಳಿ ಒಂದು ನೋಟ್‌ಬುಕ್ ಇಡಿ. ಗ್ರಾಹಕರು ಕೇಳುವ ಪ್ರತಿ ಅನುಮಾನವನ್ನೂ ಅವರ ಮಾತಿನಲ್ಲಿಯೇ ಬರೆದುಕೊಳ್ಳಲಿ. ಮೊದಲ ಎರಡು ದಿನದಲ್ಲಿ ಒಂದೇ ಪ್ರಶ್ನೆ ನಾಲ್ಕೈದು ಸಲ ಬಂದರೆ ಆ ಸಾಲು ಸೋತಿದೆ ಎಂದೇ ಅರ್ಥ. ಆಗ ಬೋರ್ಡಿನ ಸಾಲನ್ನು ತಿದ್ದಬಹುದು, ಆದರೆ ಹಳೆಯ ಕರಪತ್ರ ಹಿಡಿದು ಬಂದವರಿಗೆ ಅದರಲ್ಲಿ ಬರೆದಂತೆಯೇ ಕೊಡಬೇಕು. ಅನುಮಾನಕ್ಕೆ ಎಡೆಯಿದ್ದ ಮಾತನ್ನು ಅವರ ಪರವಾಗಿಯೇ ಓದಿಕೊಳ್ಳಬೇಕು. ನಮ್ಮಲ್ಲಿ ಆ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಹೀಗೊಂದು ಪ್ರಶ್ನೆ ಇತ್ತು: "ರವಿಕೆ ಪೀಸ್, ಫಾಲ್ ಹಣವೂ 5,000ಕ್ಕೆ ಸೇರುತ್ತದೆಯೇ?" ನಾವ್ಯಾರೂ ಯೋಚಿಸಿರಲಿಲ್ಲ. ಒಟ್ಟು ಹಣ ಎಂದು ಬರೆದಿದ್ದೆವು, ಆದ್ದರಿಂದ ಸೇರಿತು. ಮುಂದಿನ ಯುಗಾದಿಯ ಕರಪತ್ರದಲ್ಲಿ ಮೂರನೆಯ ಸಾಲು "ಸೀರೆ, ರವಿಕೆ, ಫಾಲ್ ಎಲ್ಲ ಸೇರಿ" ಎಂದು ಆರಂಭವಾಯಿತು.